ಮುಟ್ಟಿದರೆ ಏನಾಗುತ್ತದೆ?

ನಮ್ಮ ಹಾಸ್ಟೆಲಿನಲ್ಲಿ ಎಕ್ಸ್-ಮೆನ್ ಮಾತು ಬಂದರೆ ಮುಕ್ಕಾಲು ಪಾಲು ಹುಡುಗರು ವುಲ್ವರಿನ್ ಪಕ್ಷ. ನನ್ನ ವೋಟು ಮಾತ್ರ ಯಾವಾಗಲೂ ರೋಗ್‌ಗೆ. ಹೆಸರು ಕೇಳಿ ಕನ್ನಡದ ‘ರೋಗ’ ನೆನಪಾದರೆ ತಪ್ಪಿಲ್ಲ, ಅವಳ ಕಥೆಯೂ ಹೆಚ್ಚುಕಮ್ಮಿ ಹಾಗೇ ಇದೆ. 1981ರಲ್ಲಿ ಕ್ರಿಸ್ ಕ್ಲೇರ್‌ಮಾಂಟ್ ಮತ್ತು ಮೈಕೇಲ್ ಗೋಲ್ಡನ್ ಸೃಷ್ಟಿಸಿದ ಈ ಹುಡುಗಿಯ ಚರ್ಮ ಇನ್ನೊಬ್ಬರ ಚರ್ಮಕ್ಕೆ ತಾಗಿದರೆ ಸಾಕು, ಅವರ ಶಕ್ತಿ, ನೆನಪು ಎಲ್ಲ ಇವಳೊಳಗೆ ಹರಿದು ಬರುತ್ತದೆ. ಮೊದಲ ಸಲ ಒಬ್ಬ ಹುಡುಗನಿಗೆ ಮುತ್ತು ಕೊಟ್ಟಾಗ ಅವನು ಕೋಮಾಕ್ಕೆ ಹೋದ. ಅಲ್ಲಿಂದ ಮುಂದೆ ಅವಳು ಗ್ಲೌಸ್ ಹಾಕಿಕೊಂಡೇ ಬದುಕಬೇಕಾಯಿತು.

ನನಗೆ ಆ ಗ್ಲೌಸ್ ಕಂಡಾಗ ನೆನಪಾಗುವುದು ತೆಂಗಿನ ಕರಟ. ನಮ್ಮೂರು ಹೊಸನಗರ ತಾಲ್ಲೂಕಿನ ಒಂದು ಸಣ್ಣ ಹಳ್ಳಿ. ನಮ್ಮಜ್ಜ ಪ್ರಾಯದಲ್ಲಿ ಒಡೇರ ಮನೆಗೆ ಅಡಿಕೆ ಸುಲಿಯೋಕೆ ಹೋಗ್ತಿದ್ದ. ಅಲ್ಲಿ ಅವನಿಗೆ ಕಾಫಿ ಸಿಗ್ತಿದ್ದದ್ದು ಅಂಗಳದ ಮೂಲೆಯಲ್ಲಿ ಇಟ್ಟ ಕರಟದಲ್ಲಿ, ಅದೂ ಮೇಲಿನಿಂದ ಹೊಯ್ದು. ಕುಡಿದ ಮೇಲೆ ಅವನೇ ತೊಳೆದು ಬೇಲಿಗೆ ಸಿಕ್ಕಿಸಿ ಬರಬೇಕು. ಲೋಟ ಮುಟ್ಟಿದರೆ ಮೈಲಿಗೆ. ಅಂದರೆ ಆ ಮನೆಯವರ ಲೆಕ್ಕದಲ್ಲಿ ನಮ್ಮಜ್ಜನ ಚರ್ಮಕ್ಕೂ ಒಂದು ಶಕ್ತಿ ಇತ್ತು.

ಕಾಮಿಕ್ಸ್ ಮತ್ತು ನಮ್ಮ ಮಲೆನಾಡು ಬೇರೆಯಾಗುವುದು ಸರಿಯಾಗಿ ಇಲ್ಲೇ. ಒಮ್ಮೆ ರೂಮಿನಲ್ಲಿ ಮೊದಲ ಸಿನಿಮಾ ನೋಡುತ್ತಿದ್ದಾಗ, ಮ್ಯುಟೆಂಟ್‌ಗಳೆಲ್ಲ ಸರ್ಕಾರದಲ್ಲಿ ಹೆಸರು ನೋಂದಾಯಿಸಬೇಕು ಅಂತ ಸೆನೇಟರ್ ಕೆಲ್ಲಿ ವಾದಿಸುವ ಜಾಗ ಬಂತು. ಪಕ್ಕದಲ್ಲಿದ್ದ ಸ್ನೇಹಿತ ಹೇಳಿದ, “ಅಲ್ಲ ಮಾರಾಯ, ಇದ್ರಲ್ಲಿ ತಪ್ಪೇನು? ಕೋವಿಗೆ ಲೈಸೆನ್ಸ್ ಕೇಳಲ್ವಾ? ಕಣ್ಣು ಬಿಟ್ರೆ ಗೋಡೆ ಒಡೆಯೋನಿಗೆ ಕೇಳ್ಬಾರದಾ?” ಈ ಪ್ರಶ್ನೆಯನ್ನು ನಕ್ಕು ತಳ್ಳಿಹಾಕುವ ಹಾಗಿಲ್ಲ. ಸೈಕ್ಲಾಪ್ಸ್ ಕನ್ನಡಕ ತೆಗೆದರೆ ಗೋಡೆ ನಿಜವಾಗಿಯೂ ಒಡೆಯುತ್ತದೆ. ರೋಗ್ ಮುಟ್ಟಿದವನು ನಿಜವಾಗಿಯೂ ಬೀಳುತ್ತಾನೆ. 1963ರಲ್ಲಿ ಸ್ಟಾನ್ ಲೀ ಮತ್ತು ಜಾಕ್ ಕರ್ಬಿ ಶುರು ಮಾಡಿದ ದಿನದಿಂದಲೂ ಈ ರೂಪಕದ ದೊಡ್ಡ ತೊಡಕು ಇದು. ಕರಿಯರು, ಯಹೂದಿಗಳು, ಸಲಿಂಗಿಗಳು ಎಲ್ಲರೂ ಈ ಪಾತ್ರಗಳಲ್ಲಿ ತಮ್ಮನ್ನು ಕಂಡುಕೊಂಡರು. ಆದರೆ ಅವರ ಮೇಲಿನ ಭಯಕ್ಕೆ ಆಧಾರವೇ ಇರಲಿಲ್ಲ. ಕಥೆಯಲ್ಲಿ ಮಾತ್ರ ಭಯಕ್ಕೆ ಒಂದು ಕಾರಣ ಸಿಕ್ಕಿಬಿಡುತ್ತದೆ.

ಹಾಗಾದರೆ ಶಕ್ತಿ ನಿಜವೋ, ಹೊರಿಸಿದ್ದೋ ಅಂತ ಗೊತ್ತಾಗೋದು ಹೇಗೆ? ನನಗೆ ಉತ್ತರ ಸಿಕ್ಕಿದ್ದು ಅಜ್ಜನ ಅಡಿಕೆಯಲ್ಲಿ. ರೋಗ್‌ಳ ಶಕ್ತಿಗೆ ಸ್ವಿಚ್ ಇಲ್ಲ. ಅವಳು ಬೇಡ ಅಂದರೂ ಅದು ಕೆಲಸ ಮಾಡುತ್ತದೆ. ಅದೇ ಅವಳ ದುಃಖ. ಅಜ್ಜನ ‘ಶಕ್ತಿ’ಗೆ ಸ್ವಿಚ್ ಇತ್ತು, ಅದು ಒಡೇರ ಕೈಯಲ್ಲಿತ್ತು. ಮೆಟ್ಟುಗತ್ತಿ ಮುಂದೆ ಕೂತು ರಾತ್ರಿಯೆಲ್ಲ ಅಡಿಕೆ ಸುಲಿಯುವಾಗ ಆ ಕೈಗೆ ಮೈಲಿಗೆ ಇರಲಿಲ್ಲ. ಅದೇ ಅಡಿಕೆ ಬೆಂದು, ಒಣಗಿ, ದೇವರ ಮುಂದಿನ ತಾಂಬೂಲದ ತಟ್ಟೆಗೆ ಹೋಗುವಾಗಲೂ ಇರಲಿಲ್ಲ. ಲೋಟ ಕಂಡ ಕೂಡಲೇ ಮೈಲಿಗೆ ಆನ್. “ಬೇಯಿಸಿದ ಮೇಲೆ ಅಡಿಕೆ ಶುದ್ಧ ಆಯ್ತಲ್ಲ” ಅಂತ ಯಾರೋ ಹೇಳಿದ್ದಕ್ಕೆ ಅಜ್ಜ ಅಂದಿದ್ದನಂತೆ, “ಲೋಟಾನೂ ಬೇಯಿಸ್ಬಹುದಿತ್ತಲ್ಲ!”

ಈ ಸ್ವಿಚ್ಚಿನ ಮೇಲೆ ಕೈಯಿಡುವ ಕಾದಂಬರಿಯೊಂದು ನಮ್ಮ ಪಕ್ಕದ ತೀರ್ಥಹಳ್ಳಿ ಕಡೆಯವರದೇ ಇದೆ. ಮೇಳಿಗೆಯಲ್ಲಿ ಹುಟ್ಟಿದ ಅನಂತಮೂರ್ತಿಯವರ ‘ಭಾರತೀಪುರ’ದಲ್ಲಿ ಜಗನ್ನಾಥ ಮನೆದೇವರ ಸಾಲಿಗ್ರಾಮವನ್ನು ಅಂಗಳಕ್ಕೆ ತಂದು, ಮುಟ್ಟಿ ಅಂತ ಹೊಲೆಯರ ಮುಂದೆ ಹಿಡಿಯುತ್ತಾನೆ. ಅವನ ಪ್ರಕಾರ ಅದು ಬರೀ ಕಲ್ಲು. ಆದರೆ ಅವರು ಹೆದರಿ ಹಿಂದೆ ಸರಿಯುತ್ತಾರೆ. ತಮ್ಮ ಕೈಗೆ ಕೆಡಿಸುವ ಶಕ್ತಿ ಇದೆ ಅಂತ ಅವರೂ ನಂಬಿಬಿಟ್ಟಿದ್ದಾರೆ. ಜಗನ್ನಾಥ ಗದರುತ್ತಾನೆ. ಭಯದಿಂದ ಮುಟ್ಟುತ್ತಾರೆ. ಆಗುವುದೇನೂ ಇಲ್ಲ, ಯಾರಿಗೂ ಬಿಡುಗಡೆಯೂ ಆಗುವುದಿಲ್ಲ. ಇಲ್ಲದ ಶಕ್ತಿಗೆ ಗ್ಲೌಸ್ ಹಾಕಿಸಿದವರು ಯಾರೋ, ಈಗ ಗದರಿಸಿ ಅದನ್ನು ಬಿಚ್ಚಿಸುವವನೂ ಅದೇ ದೊಡ್ಡ ಮನೆಯವನೇ.

ಇದಕ್ಕಿಂತ ಹಳೆಯದು ಕುಪ್ಪಳಿಯ ಕುವೆಂಪು ಅವರ ‘ಶೂದ್ರ ತಪಸ್ವಿ’, 1944ರ ನಾಟಕ. ಉತ್ತರಕಾಂಡದ ಶಂಬೂಕನ ಕಥೆ ಗೊತ್ತಿರಬಹುದು. ಬ್ರಾಹ್ಮಣನೊಬ್ಬನ ಮಗ ಸಾಯುತ್ತಾನೆ, ಶೂದ್ರ ತಪಸ್ಸು ಮಾಡಿದ್ದೇ ಕಾರಣ ಎಂದು ದೂರು ಬರುತ್ತದೆ, ರಾಮ ಶಂಬೂಕನ ತಲೆ ಕಡಿಯುತ್ತಾನೆ. ಹೊರಗಿನವನಿಗೆ ಶಕ್ತಿ ಬಂತು, ನಮ್ಮ ಮಗು ಸತ್ತಿತು. ಮ್ಯುಟೆಂಟ್ ಕಥೆಗಳ ಬೀಜ ಇಷ್ಟೇ ಅಲ್ಲವೇ? ಕುವೆಂಪು ಇದನ್ನು ತಿರುಗಿಸಿದರು. ಅವರ ರಾಮ ದೂರುದಾರನನ್ನು ಜೊತೆಗೆ ಕರೆದುಕೊಂಡೇ ಹೋಗಿ, ತಪ್ಪಿತಸ್ಥನನ್ನು ಹುಡುಕು ಅಂತ ಬ್ರಹ್ಮಾಸ್ತ್ರ ಬಿಡುತ್ತಾನೆ. ಅಸ್ತ್ರ ಶಂಬೂಕನಿಗೆ ನಮಿಸಿ, ವಾಪಸು ಬಂದು ಬ್ರಾಹ್ಮಣನನ್ನೇ ಅಟ್ಟಿಸಿಕೊಂಡು ಹೋಗುತ್ತದೆ. ಕೊನೆಗೆ ಅವನು ತಪಸ್ವಿಗೆ ತಲೆಬಾಗಿದ ಮೇಲೆಯೇ ಪಾರು.

ಇಪ್ಪತ್ತೊಂದು ವರ್ಷದ ನಂತರ, 1965ರಲ್ಲಿ, ಎಕ್ಸ್-ಮೆನ್ ಕಾಮಿಕ್ಸಿಗೆ ಸೆಂಟಿನೆಲ್‌ಗಳು ಬಂದವು. ಬೊಲಿವರ್ ಟ್ರಾಸ್ಕ್ ಎಂಬ ವಿಜ್ಞಾನಿ ಮ್ಯುಟೆಂಟ್‌ಗಳನ್ನು ಹುಡುಕಿ ಹಿಡಿಯಲು ಕಟ್ಟಿದ ರೋಬೋಗಳು. ಅವೂ ಕಟ್ಟಿದವನ ಮೇಲೆಯೇ ತಿರುಗಿಬೀಳುತ್ತವೆ. ಎರಡೂ ಒಂದೇ ಥರ ಕಂಡರೂ ಒಂದು ವ್ಯತ್ಯಾಸ ನಮ್ಮಂಥ ಎಂಜಿನಿಯರಿಂಗ್ ಜನಕ್ಕೆ ಬೇಗ ಹೊಳೆಯಬೇಕು. ಸೆಂಟಿನೆಲ್‌ಗೆ ಕೊಟ್ಟ ಇನ್‌ಪುಟ್ ‘ಯಾರು ಮ್ಯುಟೆಂಟ್?’ ಎಂಬುದು. ಅದು ಹುಟ್ಟನ್ನು ಹುಡುಕುತ್ತದೆ, ತಪ್ಪನ್ನಲ್ಲ. ಬ್ರಹ್ಮಾಸ್ತ್ರಕ್ಕೆ ಕೊಟ್ಟ ಇನ್‌ಪುಟ್ ‘ಯಾರದು ತಪ್ಪು?’ ಎಂಬುದು. ಆಯುಧ ತಿರುಗಿದ್ದು ಕೆಟ್ಟುಹೋಗಿ ಅಲ್ಲ, ಸರಿಯಾಗಿ ಕೆಲಸ ಮಾಡಿದ್ದರಿಂದ.

ಕಾಮಿಕ್ಸಿನವರಿಗೂ ಇದು ಗೊತ್ತಾಯಿತು ಅಂತ ನನಗನ್ನಿಸಿದ್ದು ಕ್ಲೇರ್‌ಮಾಂಟ್ ಮತ್ತು ಬ್ರೆಂಟ್ ಆ್ಯಂಡರ್ಸನ್ ಅವರ 1982ರ ‘ಗಾಡ್ ಲವ್ಸ್, ಮ್ಯಾನ್ ಕಿಲ್ಸ್’ ಓದಿದಾಗ. ಮೊದಲ ಪುಟಗಳಲ್ಲೇ ಇಬ್ಬರು ಕರಿಯ ಮಕ್ಕಳನ್ನು ಕೊಂದು, ಶಾಲೆಯ ಉಯ್ಯಾಲೆಗೆ ಕಟ್ಟಿ, ಬೋರ್ಡು ನೇತುಹಾಕಿರುತ್ತಾರೆ. ಆ ಮಕ್ಕಳು ಏನಾದರೂ ಶಕ್ತಿ ತೋರಿಸುವ ದೃಶ್ಯವೇ ಇಲ್ಲ. ಗೋಡೆ ಒಡೆದಿಲ್ಲ, ಯಾರನ್ನೂ ಮುಟ್ಟಿಲ್ಲ. ಅಲ್ಲಿ ನನ್ನ ಸ್ನೇಹಿತನ ಕೋವಿ ಲೈಸೆನ್ಸಿನ ವಾದ ನಿಲ್ಲುವುದಿಲ್ಲ. ಶಕ್ತಿಯನ್ನು ಪಕ್ಕಕ್ಕಿಟ್ಟಾಗಲೇ ಕಥೆ ನಿಜಕ್ಕೆ ಹತ್ತಿರ ಬಂತು.

ಇನ್ನು ನಮ್ಮ ಕ್ಯಾಂಪಸ್. ಮೊದಲ ವಾರದಲ್ಲಿ ಸಿಇಟಿ ರ್‍ಯಾಂಕ್ ಕೇಳುತ್ತಾರೆ, ಮರುಗಳಿಗೆ “ಯಾವ ಕ್ಯಾಟಗರಿ?” ಅಂತಾರೆ. ಸೀಟು ಹಂಚುವಾಗ ಆ ಕೋಡ್ ಬೇಕು, ಅಜ್ಜನ ಕರಟದ ಲೆಕ್ಕ ಚುಕ್ತಾ ಮಾಡಲಿಕ್ಕೇ ಅದು ಇರುವುದು. ಮೆಸ್ಸಿನ ಟೇಬಲ್ಲಿನಲ್ಲಿ ಅದಕ್ಕೇನು ಕೆಲಸ? ಉತ್ತರ ಕೇಳಿದ ಮೇಲೆ ಕೆಲವರ ಧ್ವನಿ ಸ್ವಲ್ಪ ಬದಲಾಗುತ್ತದೆ, ಪ್ರಾಜೆಕ್ಟ್ ಟೀಮು ಬೇರೆಯಾಗುತ್ತದೆ. ಆದರೆ ಇಂಟರ್ನಲ್ಸ್ ಹಿಂದಿನ ರಾತ್ರಿ ಅದೇ ಹುಡುಗನ ನೋಟ್ಸು, ಲ್ಯಾಬ್ ರೆಕಾರ್ಡು ನಾಲ್ಕು ರೂಮು ಸುತ್ತಿ ಬರುತ್ತವೆ. ಆಗ ಮೈಲಿಗೆ ಆಫ್.

ಯಾರ ಬಗ್ಗೆಯಾದರೂ ‘ಇವರ ಸಹವಾಸ ಕಷ್ಟ’ ಅನ್ನುವ ಮಾತು ಕೇಳಿದಾಗ ನಾನು ಇಷ್ಟನ್ನೇ ನೋಡುತ್ತೇನೆ, ನಮಗೆ ಕೆಲಸ ಇದ್ದಾಗ ಆ ಕಷ್ಟ ಎಲ್ಲಿಗೆ ಹೋಗುತ್ತದೆ ಅಂತ.