ಮೇಲಕ್ಕೂ ಹರಿಯುವ ಜಲಪಾತ

ಸಾಗರದ ಕಡೆ ಹುಟ್ಟಿ ಬೆಳೆದವನಿಗೆ ವಾಟರ್‌ಫಾಲ್ ಅಂದ್ರೆ ಜೋಗ. ಮೊದಲ ಸಲ ನಮ್ಮ ಡೈರೆಕ್ಟರ್ ಮೀಟಿಂಗ್‌ನಲ್ಲಿ "ಗುರುವಾರದ ರಿವ್ಯೂಗೆ ಒಂದು ವಾಟರ್‌ಫಾಲ್ ಬೇಕು" ಅಂದಾಗ ನನ್ನ ಕಣ್ಣ ಮುಂದೆ ಬಂದದ್ದು ರಾಜಾ, ರಾಣಿ, ರೋರರ್, ರಾಕೆಟ್. ಪಕ್ಕದಲ್ಲಿದ್ದವನು ಮೆಲ್ಲಗೆ "ಎಕ್ಸೆಲ್ ಚಾರ್ಟ್ ಕಣೋ" ಅಂದ. ಈ ಕೆಲಸ ಫೈನಾನ್ಸ್‌ನವರದ್ದು, ಆದರೆ ಆ ವಾರ ಅವರಲ್ಲಿ ಒಬ್ಬರು ರಜೆಯಲ್ಲಿದ್ದರು. ಕೋಡ್ ಬರೆಯುವವನಿಗೆ ಎಕ್ಸೆಲ್ ಬಂದೇ ಬರುತ್ತೆ ಅನ್ನೋದು ನಮ್ಮ ಆಫೀಸಿನ ನಂಬಿಕೆ. ಹಾಗಾಗಿ ನನ್ನ ತಲೆಗೆ ಬಂತು.

ಈ ಚಾರ್ಟ್ ಹೇಳುವ ಕತೆ ಸರಳ. ಎಡಗಡೆ ಒಂದು ದೊಡ್ಡ ಕಂಬ: ಇಷ್ಟು ಖರ್ಚು ಮಾಡ್ತೀವಿ ಅಂತ ಹೇಳಿದ್ದ ಬಜೆಟ್. ಬಲಗಡೆ ಇನ್ನೊಂದು: ನಿಜವಾಗಿ ಆದ ಖರ್ಚು. ನಡುವೆ ಗಾಳಿಯಲ್ಲಿ ತೇಲುವ ಸಣ್ಣ ಕಂಬಗಳು, ಒಂದೊಂದು ಡಿಪಾರ್ಟ್‌ಮೆಂಟಿಗೆ ಒಂದೊಂದು. ಹೆಚ್ಚು ಖರ್ಚು ಮಾಡಿದವರ ಕಂಬ ಮೇಲಕ್ಕೆ ಹತ್ತುತ್ತೆ, ಉಳಿಸಿದವರ ಕಂಬ ಕೆಳಕ್ಕಿಳಿಯುತ್ತೆ. ಒಂದು ಮುಗಿದ ಮಟ್ಟದಿಂದಲೇ ಮುಂದಿನದು ಶುರು. ಜೋಗಕ್ಕಿಂತ ಇದರ ವಿಶೇಷ ಏನಂದ್ರೆ, ಇಲ್ಲಿ ನೀರು ಮೇಲಕ್ಕೂ ಹರಿಯುತ್ತೆ.

ಅದು ಅಕ್ಟೋಬರ್‌ನಿಂದ ಡಿಸೆಂಬರ್‌ವರೆಗಿನ ಮೂರು ತಿಂಗಳ ಲೆಕ್ಕ. ಕಂಪನಿಯ ಗುಟ್ಟು ಬಿಡಬಾರದು ಅಂತ ಇಲ್ಲಿ ಅಂಕಿಗಳನ್ನು ಬದಲಿಸಿದ್ದೇನೆ, ಕತೆ ಬದಲಿಸಿಲ್ಲ. ಬಜೆಟ್ 1200 ಲಕ್ಷ, ಖರ್ಚು 1224 ಲಕ್ಷ. ಎಂಜಿನಿಯರಿಂಗ್ 46 ಲಕ್ಷ ಹೆಚ್ಚು, ಸೇಲ್ಸ್ 22 ಕಡಿಮೆ, ಮಾರ್ಕೆಟಿಂಗ್ 31 ಹೆಚ್ಚು, ಸಪೋರ್ಟ್ 2 ಹೆಚ್ಚು, ಅಡ್ಮಿನ್ 6 ಕಡಿಮೆ, ಎಚ್‌ಆರ್ 27 ಕಡಿಮೆ. ಎಲ್ಲಾ ಕೂಡಿ ಕಳೆದರೆ 24 ಲಕ್ಷ ಹೆಚ್ಚು. ಬರೀ ಶೇಕಡಾ 2. ಆ 24ನ್ನು ಮಾತ್ರ ನೋಡಿದ್ದರೆ ಯಾರೂ ಹುಬ್ಬೇರಿಸುತ್ತಿರಲಿಲ್ಲ. ಒಳಗೆ ಒಬ್ಬರು 46 ಮೇಲೆ, ಇನ್ನೊಬ್ಬರು 27 ಕೆಳಗೆ ಹೋಗಿದ್ದು ಕಾಣಲಿ ಅಂತಲೇ ಈ ಚಾರ್ಟ್ ಇರೋದು.

ಎಕ್ಸೆಲ್ 2016ರಿಂದ ಈಚೆಗೆ ವಾಟರ್‌ಫಾಲ್ ಅನ್ನೋದು ಮೆನುವಿನಲ್ಲೇ ಇದೆ. ಎಂಟು ಸಾಲು ಸೆಲೆಕ್ಟ್ ಮಾಡಿ ಒತ್ತಿದೆ. ಬಂದ ಚಿತ್ರ ನೋಡಿ ಎದೆ ಧಸಕ್ ಅಂತು. ಕೊನೆಯ ಕಂಬ 1224ರ ಮೇಲೆ ಹತ್ತಿ ಕೂತು 2448 ಮುಟ್ಟಿತ್ತು! ಆ ಕೊನೆಯ ಸಾಲು ಮೊತ್ತ ಅಂತ ನಮಗೆ ಗೊತ್ತು, ಎಕ್ಸೆಲ್‌ಗೆ ಗೊತ್ತಿಲ್ಲ. ಅದೂ ಒಂದು ಏರಿಕೆ ಅಂದುಕೊಳ್ಳುತ್ತೆ. ಆ ಕಂಬವೊಂದನ್ನೇ ಆರಿಸಿ, ರೈಟ್ ಕ್ಲಿಕ್ ಮಾಡಿ Set as Total ಅಂತ ಹೇಳಿದ ಮೇಲೆ ನೆಲಕ್ಕಿಳಿಯಿತು.

ಆಮೇಲೆ ಇನ್ನೊಂದು ತಾಪತ್ರಯ. ಅಳತೆ ಸೊನ್ನೆಯಿಂದ ಶುರುವಾದ್ದರಿಂದ 1200ರ ಪಕ್ಕ 46 ಅನ್ನೋದು ದಾರದ ಎಳೆಯಷ್ಟು ಕಾಣ್ತಿತ್ತು. ಅಳತೆಯನ್ನು 1100ರಿಂದ ಶುರು ಮಾಡಿದೆ. ನಡುವಿನ ಕಂಬಗಳು ಚೆನ್ನಾಗಿ ಕಂಡವು. ಆದರೆ ಈಗ ಬಜೆಟ್ ಕಂಬದ ಎತ್ತರ 100, ಖರ್ಚಿನ ಕಂಬದ ಎತ್ತರ 124. ಶೇಕಡಾ 2 ಇದ್ದದ್ದು ಕಣ್ಣಿಗೆ ಶೇಕಡಾ 24ರಷ್ಟು ಕಾಣುತ್ತೆ. ನಡುವಿನದು ಕಾಣಬೇಕಾದರೆ ತುದಿಯ ಎರಡು ಕಂಬ ಸುಳ್ಳು ಹೇಳ್ತವೆ, ಬೇರೆ ದಾರಿ ಇಲ್ಲ. ಹಾಗಾಗಿ ಆ ಎರಡರ ತಲೆಯ ಮೇಲೂ ಅಂಕಿ ಬರೆದು, ಕೆಳಗೆ 'ಅಳತೆ 1100ರಿಂದ ಶುರು' ಅಂತ ಕಾಣುವ ಹಾಗೆ ಹಾಕಿದೆ.

ಬಣ್ಣದ್ದು ಮಾತ್ರ ನನಗೆ ಆಗ ಹೊಳೆಯಲಿಲ್ಲ. ಖರ್ಚಿನ ಚಾರ್ಟ್ ಅಲ್ವಾ, ಏರಿದ್ದಕ್ಕೆ ಕೆಂಪು, ಇಳಿದಿದ್ದಕ್ಕೆ ಹಸಿರು ಹಾಕಿ ಡೈರೆಕ್ಟರ್‌ಗೆ ಕಳಿಸಿದೆ. ಹತ್ತೇ ನಿಮಿಷದಲ್ಲಿ ಕರೆ ಬಂತು. "ನಿಮ್ಮ ಡಿಪಾರ್ಟ್‌ಮೆಂಟೇ ಎಲ್ಲರಿಗಿಂತ ದೊಡ್ಡ ಕೆಂಪು. ಖಾಲಿ ಇರೋ ಐದು ಪೋಸ್ಟ್ ಸದ್ಯಕ್ಕೆ ನಿಲ್ಲಿಸೋಣ ಅನ್ಸುತ್ತೆ."

ಆ ಐದು ಜನ ಬರ್ತಾರೆ ಅಂತಲೇ ನಮ್ಮ ಟೀಮು ಮೂರು ತಿಂಗಳಿಂದ ಶನಿವಾರ ಭಾನುವಾರ ದುಡಿದಿತ್ತು. ಮಗುವಿನ ನಾಮಕರಣದ ಮಾರನೇ ದಿನವೇ ಲ್ಯಾಪ್‌ಟಾಪ್ ತೆಗೆದವನೂ ಇದ್ದ. ನಾನೇ ಬಳಿದ ಕೆಂಪು ಬಣ್ಣ ಅವರ ಭಾನುವಾರಗಳನ್ನು ಇನ್ನೂ ಮೂರು ತಿಂಗಳು ನುಂಗುವುದರಲ್ಲಿತ್ತು. ರಾತ್ರಿ ನಿದ್ದೆ ಬರಲಿಲ್ಲ.

ಬೆಳಿಗ್ಗೆ ಫೈನಾನ್ಸ್‌ನ ಹಿರಿಯರೊಬ್ಬರ ಮುಂದೆ ಹೋಗಿ ಕೂತೆ. ಉಡುಪಿ ಕಡೆಯವರು. "ಸರ್, ಈ 46ರ ಒಳಗೆ ಏನಿದೆ ನೋಡ್ಬೇಕು" ಅಂದೆ. ಲೆಡ್ಜರ್ ತೆಗೆದು ಒಂದೊಂದೇ ಸಾಲು ಇಳಿಯುತ್ತಾ ಹೋದವರು ಒಂದು ಕಡೆ ನಿಂತರು. ಅಕ್ಟೋಬರ್ 1ರಂದು ಕಟ್ಟಿದ ಸಾಫ್ಟ್‌ವೇರ್ ಲೈಸೆನ್ಸ್, 48 ಲಕ್ಷ. ಅದು ಒಂದು ವರ್ಷದ್ದು. ಬಜೆಟ್‌ನಲ್ಲಿ ಮೂರು ತಿಂಗಳಿಗೆ 12ರಂತೆ ಹಂಚಿದ್ದರು. ಲೆಕ್ಕಕ್ಕೆ ಬರೆಯುವಾಗ ಮಾತ್ರ ಪೂರ್ತಿ 48ನ್ನೂ ಇದೇ ಮೂರು ತಿಂಗಳ ತಲೆಗೆ ಕಟ್ಟಿದ್ದರು.

"ಇದು ಪ್ರೀಪೇಯ್ಡ್‌ಗೆ ಹೋಗ್ಬೇಕಿತ್ತು ಮಾರಾಯ್ರೆ" ಅಂತ ಅವರು ಕನ್ನಡಕ ತೆಗೆದರು. "ದುಡ್ಡು ಈಗ ಹೋಗಿರ್ಬಹುದು, ಆದ್ರೆ ಖರ್ಚು ತಿಂಗಳು ತಿಂಗಳು ಆಗೋದು. ಹೀಗೇ ಬಿಟ್ಟಿದ್ರೆ ಮುಂದಿನ ಮೂರು ಕ್ವಾರ್ಟರೂ ನೀವು ಏನೂ ಮಾಡದೆ 12-12 ಉಳಿಸಿದ ಹಾಗೆ ಕಾಣ್ತಿತ್ತು."

48ರಲ್ಲಿ 12 ಕಳೆದರೆ 36. ಎಂಜಿನಿಯರಿಂಗ್‌ನ 46ರಲ್ಲಿ 36 ಬರೀ ಕಾಲದ ಎಡವಟ್ಟು. ಎಂಟ್ರಿ ಸರಿಮಾಡಿದ ಮೇಲೆ ನಮ್ಮ ಕಂಬ 10ಕ್ಕೆ ಇಳಿಯಿತು. ಇಡೀ ಕಂಪನಿಯ ಖರ್ಚು 1224ರಿಂದ 1188 ಆಯಿತು. 24 ಹೆಚ್ಚು ಅಂತ ಹೇಳ್ತಿದ್ದ ಚಾರ್ಟ್ ಈಗ 12 ಕಡಿಮೆ ಅಂತ ಹೇಳ್ತಿತ್ತು.

ಗೆದ್ದೆ ಅಂತ ಎದ್ದು ಹೊರಟವನಿಗೆ ಅವರು ಇನ್ನೊಂದು ಮಾತು ಹೇಳಿದರು. "ಐದು ಪೋಸ್ಟ್ ಖಾಲಿ ಅಂತೀರಿ. ಅವರ ಸಂಬಳ ಬಜೆಟ್‌ನಲ್ಲಿ ಉಂಟು. ಹಾಗಾದ್ರೆ ನೀವು ಕಡಿಮೆ ತೋರಿಸ್ಬೇಕಿತ್ತಲ್ಲ, 10 ಹೆಚ್ಚು ಹೇಗೆ?"

ಮತ್ತೆ ಕೂತೆ. ಐದು ಜನರ ಮೂರು ತಿಂಗಳ ಸಂಬಳ, ತಲಾ 4 ಲಕ್ಷದಂತೆ 20 ಲಕ್ಷ ಉಳಿದಿದೆ. ಅಷ್ಟಾದರೂ 10 ಹೆಚ್ಚು ಅಂದ್ರೆ ಬೇರೆಲ್ಲೋ 30 ಲಕ್ಷ ಹೋಗಿದೆ. ಹುಡುಕೋದು ಕಷ್ಟವಾಗಲಿಲ್ಲ. ಕ್ಲೌಡ್ ಬಿಲ್ 60 ಅಂತ ಅಂದಾಜಿದ್ದದ್ದು 90 ಬಂದಿತ್ತು. ಬಿಲ್ಲನ್ನು ಟ್ಯಾಗ್ ಪ್ರಕಾರ ಒಡೆದು ನೋಡಿದೆ. ಅಕ್ಟೋಬರ್‌ನಲ್ಲಿ ಲೋಡ್ ಟೆಸ್ಟಿಂಗ್‌ಗೆ ಅಂತ ಎಬ್ಬಿಸಿದ ಕ್ಲಸ್ಟರ್, ಡೇಟಾಬೇಸ್‌ನ ನಕಲು ಸಮೇತ. ನಮಗೆ ಬೇಕಿದ್ದದ್ದು ವಾರಕ್ಕೆ ಐದು ದಿನ, ದಿನಕ್ಕೆ ಒಂಬತ್ತು ಗಂಟೆ, ಅಂದ್ರೆ 45 ಗಂಟೆ. ಅದು ಓಡ್ತಿದ್ದದ್ದು ವಾರದ 168 ಗಂಟೆಯೂ. ದೀಪಾವಳಿಗೆ ನಾವೆಲ್ಲ ಊರಿಗೆ ಹೋದಾಗಲೂ ಅದು ಓಡಿತ್ತು. ಓನರ್ ಅನ್ನೋ ಟ್ಯಾಗ್‌ನಲ್ಲಿ ಇದ್ದದ್ದು ನನ್ನ ಹೆಸರು.

ಸುಮ್ಮನಿರುವ ಆಸೆ ಬರಲಿಲ್ಲ ಅಂದ್ರೆ ಸುಳ್ಳಾಗುತ್ತೆ. 520 ಲಕ್ಷದ ಡಿಪಾರ್ಟ್‌ಮೆಂಟಿಗೆ 10 ಲಕ್ಷ ಹೆಚ್ಚಾದರೆ ಯಾರೂ ಕೇಳೋದಿಲ್ಲ. ಕಂಬ ಚಿಕ್ಕದಿದೆ, ಅದರ ಹಿಂದೆ 30 ಮೇಲೆ ಹೋಗಿ 20 ಕೆಳಗೆ ಬಂದದ್ದು ಯಾರಿಗೂ ಕಾಣೋದಿಲ್ಲ. ಡಿಪಾರ್ಟ್‌ಮೆಂಟ್‌ವಾರು ಚಾರ್ಟಿನ ಮಿತಿಯೇ ಇದು. ಕಂಪನಿಯ ಮೊತ್ತ ಡಿಪಾರ್ಟ್‌ಮೆಂಟುಗಳನ್ನು ಮುಚ್ಚಿಡುವ ಹಾಗೆ, ಡಿಪಾರ್ಟ್‌ಮೆಂಟಿನ ಕಂಬ ತನ್ನೊಳಗಿನ ಏರಿಳಿತವನ್ನು ಮುಚ್ಚಿಡುತ್ತೆ. ಆದರೆ ನಾನು ಕೇಳ್ತಿದ್ದ ಐದು ಜನ ಬಂದ ದಿನ ಆ 20ರ ಮುಸುಕು ಹಾರಿಹೋಗುತ್ತೆ. ಆಗ 30 ಬೆತ್ತಲಾಗಿ ನಿಲ್ಲುತ್ತೆ, ಬೈಗುಳ ಹೊಸಬರ ತಲೆಗೆ ಬರುತ್ತೆ.

ಬೈಗುಳದ ಜೊತೆಗೆ ನೆನಪಾದದ್ದು ಅಪ್ಪ. ನಾನು ಹೈಸ್ಕೂಲಲ್ಲಿದ್ದಾಗ ಒಂದು ಮಳೆಗಾಲ ನಮ್ಮ ಪಕ್ಕದ ತೋಟದವರು ಅಡಿಕೆಗೆ ಎರಡನೇ ಸಲದ ಬೋರ್ಡೋ ಹೊಡೆಸಲಿಲ್ಲ. ಕೂಲಿ, ಮೈಲುತುತ್ತ ಎಲ್ಲ ಸೇರಿ ಒಳ್ಳೇ ದುಡ್ಡು ಉಳೀತು ಅಂತ ಖುಷಿಯಲ್ಲಿದ್ದರು. ಅಪ್ಪ ಜಗಲಿಯ ಮೇಲೆ ಲೆಕ್ಕದ ಪುಸ್ತಕ ಬಿಚ್ಚಿಕೊಂಡು ಕೂತವರು, "ಮಾಡಬೇಕಾದ ಕೆಲಸ ಮಾಡದೆ ಉಳಿದದ್ದು ಉಳಿತಾಯ ಅಲ್ಲ ತಮಾ, ಅದು ಮುಂದಕ್ಕೆ ಹಾಕಿದ ಸಾಲ" ಅಂದಿದ್ದರು. ಆ ವರ್ಷ ಅವರ ತೋಟಕ್ಕೆ ಕೊಳೆ ಬಂತು.

ಚಾರ್ಟನ್ನು ಮತ್ತೆ ತೆಗೆದು ಹಸಿರು ಕಂಬಗಳನ್ನು ನೋಡಿದೆ. ಎಚ್‌ಆರ್ ಉಳಿಸಿದ 27 ಅಂದ್ರೆ ಜನ ಹುಡುಕಿಕೊಡುವ ಏಜೆನ್ಸಿಗಳಿಗೆ ಕೊಡಬೇಕಿದ್ದ ಫೀಸು. ಜನವೇ ಬಂದಿಲ್ಲ, ಫೀಸು ಎಲ್ಲಿಂದ? ಸೇಲ್ಸ್‌ನವರ 22 ಇನ್ಸೆಂಟಿವ್ ದುಡ್ಡು. ಟಾರ್ಗೆಟ್ ಮುಟ್ಟದ್ದರಿಂದ ಕೊಡಬೇಕಾಗಿ ಬಂದಿಲ್ಲ. ಕಂಪನಿಗೆ ಅದಕ್ಕಿಂತ ಕೆಟ್ಟ ಸುದ್ದಿ ಇಲ್ಲ, ನಾನು ಅದಕ್ಕೆ ಹಸಿರು ಬಳಿದಿದ್ದೆ. ಇತ್ತ ಮಾರ್ಕೆಟಿಂಗ್‌ನ 31 ಕೆಂಪು, ಜನವರಿಯಲ್ಲಿ ಕಟ್ಟಬೇಕಿದ್ದ ಪ್ರದರ್ಶನದ ಸ್ಟಾಲ್‌ಗೆ ಡಿಸೆಂಬರ್‌ನಲ್ಲೇ ಬಿಲ್ ಬಂದದ್ದು. ಅದು ನಿಜವೇ ಅಂತ ತಿಳಿಯೋದು ಸುಲಭ: ಮುಂದಿನ ಕ್ವಾರ್ಟರ್‌ನಲ್ಲಿ ಅದೇ 31 ವಾಪಸ್ ಇಳಿಯಬೇಕು. ಇಳಿಯದಿದ್ದರೆ ಅದು ಕಾಲದ ಎಡವಟ್ಟಲ್ಲ, ನಿಜವಾದ ಹೆಚ್ಚಿನ ಖರ್ಚು.

ಗುರುವಾರಕ್ಕೆ ಕೆಂಪು ಹಸಿರು ತೆಗೆದುಹಾಕಿದೆ. ಕಂಬಗಳಿಗೆ ಕಾರಣದ ಪ್ರಕಾರ ಮೂರು ಬಣ್ಣ ಕೊಟ್ಟೆ: ಬರೀ ಕಾಲದ ವ್ಯತ್ಯಾಸ ಒಂದು, ಆಗಬೇಕಾದ್ದು ಆಗದೆ ಉಳಿದದ್ದು ಇನ್ನೊಂದು, ನಿಜವಾಗಿ ಹೆಚ್ಚು ಕಡಿಮೆ ಆದದ್ದು ಮೂರನೆಯದು. ನಮ್ಮ 10ಕ್ಕೆ ಮಾತ್ರ ಪಕ್ಕದಲ್ಲೇ ಇನ್ನೊಂದು ಪುಟ್ಟ ವಾಟರ್‌ಫಾಲ್: 520ರಿಂದ ಸಂಬಳದಲ್ಲಿ 20 ಇಳಿದು 500, ಕ್ಲೌಡ್‌ನಲ್ಲಿ 30 ಏರಿ 530.

"12 ಲಕ್ಷ ಕಡಿಮೆ, ಒಳ್ಳೇದಾಯ್ತಲ್ಲ" ಅಂದರು ಡೈರೆಕ್ಟರ್. ಆಮೇಲೆ ಬಣ್ಣ ನೋಡಿ ಸುಮ್ಮನಾದರು. ನಮ್ಮ ಪುಟ್ಟ ಚಾರ್ಟಿಗೆ ಬಂದಾಗ "ಈ 30 ಯಾರದ್ದು?" ಅಂದರು.

"ನಂದೇ ಸರ್. ನಿನ್ನೆ ಸಂಜೆಯಿಂದ ರಾತ್ರಿ ಹೊತ್ತು, ಶನಿವಾರ ಭಾನುವಾರ ತಾನೇ ಆಫ್ ಆಗೋ ಹಾಗೆ ಮಾಡಿದೀನಿ."

ಆ ಮೌನ ಎಷ್ಟು ಹೊತ್ತಿತ್ತೋ ಗೊತ್ತಿಲ್ಲ, ನನಗಂತೂ ಒಂದು ಕ್ವಾರ್ಟರಿನಷ್ಟಿತ್ತು. ಕೊನೆಗೆ ಐದರಲ್ಲಿ ಮೂರು ಪೋಸ್ಟಿಗೆ ಒಪ್ಪಿಗೆ ಸಿಕ್ಕಿತು. ಉಳಿದೆರಡು, ಮುಂದಿನ ಬಿಲ್ ನೋಡಿ ಅಂದರು. ನ್ಯಾಯ ಅನ್ನಿಸಿತು.

ಆ ಭಾನುವಾರ ಊರಿಗೆ ಫೋನ್ ಮಾಡಿದಾಗ ಅಪ್ಪನಿಗೆ ಇದನ್ನೆಲ್ಲ ಹೇಳಿದೆ. ಎಲ್ಲ ಕೇಳಿ, "ಅಂದ್ರೆ ಮೂರು ತಿಂಗಳು ಪಂಪ್ ಆಫ್ ಮಾಡದೆ ಬಂದಿದ್ಯಾ?" ಅಂದರು. ಹೌದು ಅಂದೆ.