ಧನ್ಯವಾದ ಹೇಳಿದೆ, ಹೇಳಬೇಕಾದ್ದನ್ನು ಬಿಟ್ಟೆ

2019ರ ಆಗಸ್ಟ್‌ನಲ್ಲಿ ಘಟಪ್ರಭೆ ಉಕ್ಕಿ ನಮ್ಮ ವಾರ್ಡಿನ ತಗ್ಗಿನ ಓಣಿಗಳಿಗೆ ನುಗ್ಗಿತು. ನೀರು ಇಳಿದ ಮೇಲೆ ಸಮುದಾಯ ಭವನದಲ್ಲಿ ಜನರನ್ನು ಸೇರಿಸಿ, ವಾರ್ಡಿನ ಸದಸ್ಯೆಯಾಗಿ ಮಾತಾಡಿದೆ. ರೊಟ್ಟಿ ಬಡಿದು ಕಳಿಸಿದ ಹೆಣ್ಣುಮಕ್ಕಳನ್ನು, ಬಿದ್ದ ಮನೆಗಳಿಂದ ಮಣ್ಣು ಹೊತ್ತು ಹಾಕಿದ ಹುಡುಗರನ್ನು ಹೆಸರು ಹಿಡಿದು ನೆನೆದೆ. ಕೊನೆಗೆ, "ಸರ್ವೆ ಆಗುತ್ತದೆ, ಎಲ್ಲರಿಗೂ ಪರಿಹಾರ ಬರುತ್ತದೆ, ಮನೆ ಸ್ವಚ್ಛ ಮಾಡಿಕೊಳ್ಳಿ" ಎಂದು ಕೂತೆ. ಆ ಕೊನೆಯ ಮಾತೇ ಕೆಲವರಿಗೆ ಮುಳುವಾಯಿತು.

ಆಗ ಪರಿಹಾರ ಎರಡು ಬಗೆಯದಿತ್ತು. ಬಟ್ಟೆಬರೆ, ಪಾತ್ರೆಗೆಂದು 10,000 ರೂಪಾಯಿ ತುರ್ತು ನೆರವು ನೀರು ಹೊಕ್ಕ ಮನೆಯಲ್ಲಿ ವಾಸವಿದ್ದ ಕುಟುಂಬಕ್ಕೆ. ಮನೆಯ ಹಾನಿಗೆ ಬೇರೆ ಪರಿಹಾರ, ಅದು ಮನೆಯ ಮಾಲೀಕರಿಗೆ. ಮುಕ್ಕಾಲು ಪಾಲಿಗಿಂತ ಹೆಚ್ಚು ಬಿದ್ದಿದ್ದರೆ 'ಎ' ವರ್ಗ, 5 ಲಕ್ಷ. ಅಲ್ಪ ಹಾನಿಯಾದರೆ 'ಸಿ' ವರ್ಗ, 50,000. ನಡುವಿನದು 'ಬಿ'. ಯಾವ ವರ್ಗ ಎಂಬುದು ಸರ್ವೆಗೆ ಬಂದವರ ಕಣ್ಣಿಗೆ ಏನು ಕಂಡಿತು, ಫೋಟೋದಲ್ಲಿ ಏನು ಬಂತು ಎಂಬುದರ ಮೇಲೆ ನಿಂತಿತ್ತು.

ನಮ್ಮ ಓಣಿಯ ಒಬ್ಬ ಅಜ್ಜಿಯದು ಮಣ್ಣಿನ ಮನೆ. ಹಿಂದಿನ ಗೋಡೆಗಳು ಮಾಳಿಗೆ ಸಮೇತ ಕುಸಿದಿದ್ದವು. ನನ್ನ ಮಾತು ಕೇಳಿ ಹುಡುಗರು ಆ ಮಣ್ಣನ್ನೆಲ್ಲ ಟ್ರ್ಯಾಕ್ಟರಿಗೆ ತುಂಬಿ ಸಾಗಿಸಿದರು, ತೊಲೆಗಳನ್ನೂ ಎತ್ತಿಟ್ಟರು. ಸರ್ವೆಯವರಿಗೆ ಕಂಡದ್ದು ನಿಂತ ಮುಂಭಾಗ ಮತ್ತು ಹಿಂದೆ ಗುಡಿಸಿದ ಬಯಲು. ಅಲ್ಲಿ ಮನೆಯಿತ್ತೋ ಹಿತ್ತಲಿತ್ತೋ ಎಂದು ಹೇಳುವ ಒಂದು ಫೋಟೋವೂ ಇರಲಿಲ್ಲ. 'ಸಿ' ಎಂದು ಬರೆದುಕೊಂಡರು. ಮುಂದೆ ಬಿಸಿಲು ಬಿದ್ದು ಒಣಗುವಾಗ ಉಳಿದ ಗೋಡೆಯೂ ಸೀಳಿ ಬಿತ್ತು. ನೀರು ಕುಡಿದ ಮಣ್ಣಿನ ಗೋಡೆ ನೆರೆ ಇಳಿದ ಮೇಲೂ ಬೀಳುತ್ತದೆ. ಅಷ್ಟರಲ್ಲಿ ಪಟ್ಟಿ ಹೋಗಿಬಿಟ್ಟಿತ್ತು. "ಅಕ್ಕಾರ, ನೀವ ಹೇಳಿದ್ರಲ್ರೀ ಸ್ವಚ್ಛ ಮಾಡ್ಕೋರಿ ಅಂತ" ಎಂದಳು ಅಜ್ಜಿ. ನನ್ನಲ್ಲಿ ಉತ್ತರವಿರಲಿಲ್ಲ. ಮರುಪರಿಶೀಲನೆಗೆ ಅರ್ಜಿ ಬರೆಸಿದೆ, ಓಡಾಡಿದೆ. ವರ್ಗ ಬದಲಾಗಲಿಲ್ಲ.

ಸ್ವಯಂಸೇವಕರ ದುಡಿಮೆಯಲ್ಲಿ ತಪ್ಪಿರಲಿಲ್ಲ. ಯಾವ ಕೆಲಸ ಮೊದಲು, ಯಾವುದು ಆಮೇಲೆ ಎಂದು ಅವರಿಗೆ ಹೇಳಬೇಕಾದವಳು ನಾನು. ಗುದ್ದಲಿ ಹಿಡಿಯುವ ಮೊದಲು ಪ್ರತಿ ಮನೆಗೆ ಒಬ್ಬ ಹುಡುಗ ಮೊಬೈಲ್ ಹಿಡಿದು ಹೋಗಬೇಕಿತ್ತು. ಮನೆಯವರನ್ನು ಮುಂದೆ ನಿಲ್ಲಿಸಿ, ಬಿದ್ದ ಗೋಡೆ, ಮಾಳಿಗೆ, ಗೋಡೆಯ ಮೇಲಿನ ನೀರಿನ ಗೆರೆ, ಮನೆ ನಂಬರು, ನಾಲ್ಕೂ ದಿಕ್ಕಿನ ಫೋಟೋ ತೆಗೆಯಬೇಕಿತ್ತು. ದಾರಿಗೆ ಅಡ್ಡವಾದ, ಜೀವಕ್ಕೆ ಅಪಾಯವಾದ ಮಣ್ಣನ್ನಷ್ಟೇ ಸರಿಸಿ, ಉಳಿದದ್ದನ್ನು ಸರ್ವೆ ಮುಗಿಯುವವರೆಗೆ ಬಿಡಬೇಕಿತ್ತು.

ವಾರ್ಡಿನ ಸದಸ್ಯರಾಗಿರುವವರಲ್ಲಿ ನನ್ನ ವಿನಂತಿ ಇಷ್ಟೇ. ನೆರೆ ಇಳಿದ ಮೇಲಿನ ಸಭೆಯಲ್ಲಿ ಧನ್ಯವಾದ ಹೇಳಿ, ಮನಸಾರೆ ಹೇಳಿ. ಅದಕ್ಕೂ ಮೊದಲು ಸರ್ವೆ ಯಾವತ್ತು, ಯಾರು ಬರುತ್ತಾರೆ, ಬಾಡಿಗೆಯವರಿಗೆ ಯಾವ ಹಣ, ಮಾಲೀಕರಿಗೆ ಯಾವ ಹಣ ಎಂದು ಬಿಡಿಸಿ ಹೇಳಿ. ಫೋಟೋ ಆಗದೆ ಬಿದ್ದ ಗೋಡೆಯ ಮಣ್ಣು ಎತ್ತಲು ಬಿಡಬೇಡಿ.