ಅದೇ ಅಂಗಿ, 23 ವರ್ಷಗಳ ನಂತರ

ಕಾಲೇಜು ನಾಟಕಗಳಲ್ಲಿ ಮುದುಕನ ಪಾತ್ರ ರಂಗಕ್ಕೆ ಬಂದ ತಕ್ಷಣ ಸಭೆಯಲ್ಲಿ ಒಂದು ನಗು ಏಳುತ್ತದೆ. ಹಣೆಗೆ ಮೂರು ಕಪ್ಪು ಗೆರೆ, ಕೆನ್ನೆಗೆ ಎರಡು, ತಲೆಗೆ ಅರ್ಧ ಡಬ್ಬಿ ಪೌಡರು, ಕೈಗೊಂದು ಕೋಲು. ಹುಡುಗ ತಲೆ ತಿರುಗಿಸಿದಾಗಲೆಲ್ಲ ಹೆಗಲ ಮೇಲೆ ಪೌಡರು ಉದುರುತ್ತದೆ. ಹಾಸ್ಯ ನಾಟಕದಲ್ಲಿ ಇದು ನಡೆದೀತು. ಆದರೆ ಈ ವರ್ಷ ನಮ್ಮ ವಿಭಾಗದವರು ಆಡಿದ 35 ನಿಮಿಷದ ನಾಟಕದ ಕೊನೆಯ ದೃಶ್ಯದಲ್ಲಿ ಆ ನಗು ಎದ್ದಿದ್ದರೆ ಉಳಿದದ್ದೆಲ್ಲ ವ್ಯರ್ಥವಾಗುತ್ತಿತ್ತು. ಸಣ್ಣ ಊರಿನ ಒಬ್ಬ ಟೈಲರನ ಕತೆ ಅದು. 1978ರಲ್ಲಿ 22ರ ಹರೆಯದಲ್ಲಿ ಅಂಗಡಿ ತೆರೆಯುತ್ತಾನೆ. 2001ರಲ್ಲಿ, 45ಕ್ಕೆ, ಎದುರುಗಡೆ ರೆಡಿಮೇಡ್ ಅಂಗಡಿ ಬರುತ್ತದೆ. 2024ರಲ್ಲಿ, 68ಕ್ಕೆ, ಬಾಗಿಲು ಹಾಕುತ್ತಾನೆ. ಮೂರೂ ವಯಸ್ಸಿಗೆ ಒಬ್ಬನೇ ನಟ, 23ರ ಎಂ.ಎ. ವಿದ್ಯಾರ್ಥಿ. ಮುಂದಿನ ಸಾಲಿನವರು ಕೂರುವುದು ರಂಗದಿಂದ ಆರೇ ಅಡಿ ದೂರದಲ್ಲಿ. ಮೇಕಪ್ಪು, ಉಡುಪು ಎರಡೂ ನನ್ನ ಪಾಲಿಗೆ ಬಂದವು.

ತಾರ್ನ್‌ಟನ್ ವೈಲ್ಡರ್ 1931ರಲ್ಲಿ ಬರೆದ 'ದಿ ಲಾಂಗ್ ಕ್ರಿಸ್ಮಸ್ ಡಿನ್ನರ್' ಏಕಾಂಕದಲ್ಲಿ ಒಂದೇ ಊಟದ ಮೇಜಿನ ಸುತ್ತ 90 ವರ್ಷ ಕಳೆದುಹೋಗುತ್ತವೆ. ಅಲ್ಲಿ ನಟರು ಸದ್ದಿಲ್ಲದೆ ಬಿಳಿ ವಿಗ್ ಹಾಕಿಕೊಳ್ಳುತ್ತಾರೆ. ಉಳಿದ ಮುಪ್ಪು ನಟನೆಗೆ ಬಿಟ್ಟದ್ದು. ಆ ನಾಟಕ ಮೊದಲಿನಿಂದಲೇ ಸಂಕೇತದ ಭಾಷೆಯಲ್ಲಿ ಮಾತಾಡುವುದರಿಂದ ಪ್ರೇಕ್ಷಕರು ಒಪ್ಪುತ್ತಾರೆ. ನಮ್ಮದರಲ್ಲಿ ನಿಜವಾದ ಹೊಲಿಗೆ ಮಷೀನು, ನಿಜವಾದ ಬಟ್ಟೆ, ನಿಜವಾದ ಸೂಜಿ ಇದ್ದವು. ಅವುಗಳ ನಡುವೆ ಮುಖವೊಂದೇ ಸಂಕೇತವಾಗಿ ಕೂತರೆ ಹೊಂದುವುದಿಲ್ಲ.

ನಾನು ಶುರು ಮಾಡಿದ್ದು ಬಣ್ಣದಿಂದಲ್ಲ, ಗಡಿಯಾರದಿಂದ. ಮೊದಲ ಮತ್ತು ಎರಡನೇ ದೃಶ್ಯದ ನಡುವೆ 70 ಸೆಕೆಂಡು ಕತ್ತಲು. ಎರಡನೆಯದಕ್ಕೂ ಮೂರನೆಯದಕ್ಕೂ ನಡುವೆ ಮಗಳು ಫೋನಿನಲ್ಲಿ ಮಾತಾಡುವ ತುಣುಕು, ಎರಡೂವರೆ ನಿಮಿಷ. ಇಷ್ಟರಲ್ಲಿ ಮುಗಿಯದ್ದನ್ನು ಯೋಜನೆಯಲ್ಲೇ ಇಟ್ಟುಕೊಳ್ಳುವಂತಿಲ್ಲ. ಚರ್ಮವನ್ನು ಎಳೆದು ಹಿಡಿದು ಲಿಕ್ವಿಡ್ ಲೇಟೆಕ್ಸ್ ಹಚ್ಚಿ, ಒಣಗಿಸಿ, ಬಿಟ್ಟರೆ ನಿಜವಾದ ಸುಕ್ಕು ಏಳುತ್ತದೆ, ಸೊಗಸಾದ ಕೆಲಸ. ಆದರೆ ಪ್ರತಿ ಪದರವೂ ಒಣಗಬೇಕು. ಜೊತೆಗೆ ಅಲರ್ಜಿ ಇದೆಯೇ ಎಂದು ಹಿಂದಿನ ದಿನವೇ ಮೊಣಕೈ ಒಳಭಾಗಕ್ಕೆ ಹಚ್ಚಿ ನೋಡಬೇಕು. ಅದನ್ನು ಕೈಬಿಟ್ಟೆ. ಗೋಂದಿನಿಂದ ಅಂಟಿಸುವ ಮೀಸೆಯೂ ಬೇಡವಾಯಿತು. ಬೆವೆತ ತುಟಿಯ ಮೇಲೆ ಅವಸರದಲ್ಲಿ ಅಂಟಿಸಿದ ಮೀಸೆ ಮಾತಿನ ನಡುವೆ ಒಂದು ತುದಿಯಲ್ಲಿ ಏಳದೆ ಇರುವುದಿಲ್ಲ. ನಟ ಪ್ರದರ್ಶನಕ್ಕೆ ಮೂರು ವಾರ ಮೊದಲೇ ಸ್ವಂತ ಮೀಸೆ ಬಿಟ್ಟ. 1978ರ ಹುಡುಗನಿಗೆ ಅದು ಒಪ್ಪುತ್ತದೆ. 2001ಕ್ಕೆ ಅಲ್ಲಲ್ಲಿ ನರೆ, 2024ಕ್ಕೆ ಪೂರ್ತಿ ನರೆ. ಹೀಗೆ ಬಣ್ಣದ ವಿಷಯದಲ್ಲಿ ದೃಶ್ಯದಿಂದ ದೃಶ್ಯಕ್ಕೆ ಸೇರಿಸುವುದು ಮಾತ್ರ, ಒರೆಸುವುದು ಏನೂ ಇಲ್ಲ. ಕತ್ತಲಲ್ಲಿ ಒರೆಸಲು ಹೊರಟರೆ ಮುಖ ರಾಡಿಯಾಗುತ್ತದೆ.

ವೃತ್ತಿ ಕಂಪನಿಗಳಲ್ಲಿ ಬಣ್ಣ ಹಚ್ಚಿ ಪಳಗಿದ ಹಿರಿಯರೊಬ್ಬರು ಒಂದು ಸಂಜೆ ತಾಲೀಮಿಗೆ ಬಂದಿದ್ದರು. ನನ್ನ ಕೈಯಲ್ಲಿದ್ದ ಕಪ್ಪು ಪೆನ್ಸಿಲ್ಲನ್ನು ಮೊದಲು ಕಿತ್ತಿಟ್ಟರು. "ಗೆರೆ ಎಳೀಬೇಡಮ್ಮ, ನೆರಳು ಕೊಡು. ಮುದುಕರ ಮುಖದಲ್ಲಿ ಗೆರೆ ಇರಲ್ಲ, ಹಳ್ಳ ದಿಣ್ಣೆ ಇರುತ್ತೆ" ಅಂದರು. ನಟನಿಗೆ ಹುಬ್ಬೇರಿಸಲು, ಹಲ್ಲು ಕಚ್ಚಿ ನಗಲು ಹೇಳಿ, ಅವನದೇ ಚರ್ಮ ಎಲ್ಲಿ ಮಡಚುತ್ತದೆ ಎಂದು ತೋರಿಸಿದರು. ನೆರಳು ಅಲ್ಲಿಗೇ ಹೋಗಬೇಕು. ಮುಖದ ಬಣ್ಣಕ್ಕಿಂತ ಎರಡು ಛಾಯೆ ಗಾಢವಾದ ಕಂದು ಹಳ್ಳಕ್ಕೆ, ಎರಡು ಛಾಯೆ ತಿಳಿಯಾದದ್ದು ಪಕ್ಕದ ದಿಣ್ಣೆಗೆ. ಮಡಿಕೆಯ ಒಂದು ಅಂಚು ಸ್ಪಷ್ಟವಾಗಿರಬೇಕು, ಇನ್ನೊಂದನ್ನು ಬೆರಳಿನಿಂದ ತೀಡಿ ಕರಗಿಸಬೇಕು. ಎರಡೂ ಅಂಚು ಸ್ಪಷ್ಟವಾದರೆ ಅದು ಹುಲಿವೇಷ. ನಮ್ಮ ಕಂದು ಮೈಬಣ್ಣದ ಮೇಲೆ ಬೂದು ಬಣ್ಣ ಬಳಸಿದರೆ ಮುಖಕ್ಕೆ ಮುಪ್ಪು ಬರುವುದಿಲ್ಲ, ಬೂದಿ ಬಳಿದ ಹಾಗೆ ಕಾಣುತ್ತದೆ.

ಕಷ್ಟ ಕೊಟ್ಟದ್ದು 68 ಅಲ್ಲ, 45. ನಲವತ್ತೈದರವನ ಮುಖದಲ್ಲಿ ಹೇಳಿಕೊಳ್ಳುವಂಥ ಸುಕ್ಕು ಇರುವುದಿಲ್ಲ; ಕಣ್ಣಿನ ಕೆಳಗೆ ತುಸು ದಣಿವು, ಮೂಗಿನ ಪಕ್ಕ ತೆಳು ನೆರಳು, ಕಿವಿಯ ಮೇಲೆ ನಾಲ್ಕು ಬಿಳಿ ಕೂದಲು, ಅಷ್ಟೇ. ಕೂದಲಿಗೆ ಪೌಡರಿನ ಬದಲು ನೀರಿನಲ್ಲಿ ಕಲಸುವ ಬಿಳಿ ಬಣ್ಣಕ್ಕೆ ಚಿಟಿಕೆ ಹಳದಿ ಬೆರೆಸಿ, ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ಕೂದಲಿನ ಎದುರು ದಿಕ್ಕಿಗೆ ಉಜ್ಜಿದೆ. ಬರೀ ಬಿಳಿ ದೀಪದ ಕೆಳಗೆ ನೀಲಿಯಾಗಿ ಕಾಣುತ್ತದೆ. ಆ ದಿನ ತಲೆಗೆ ಎಣ್ಣೆ ಹಾಕಬಾರದು. ಜಿಡ್ಡಿನ ಮೇಲೆ ಬಣ್ಣ ಹೆಪ್ಪುಗಟ್ಟುತ್ತದೆ. ಉಳಿದ ವಯಸ್ಸನ್ನೆಲ್ಲ ಉಡುಪೇ ಹೊರಬೇಕಾಯಿತು: ಅಂಗಿಯ ಒಳಗೆ ಹತ್ತಿ ತುಂಬಿದ ಸಣ್ಣ ಹೊಟ್ಟೆ, ಮೂಗಿನ ತುದಿಯಲ್ಲಿ ಚಾಳೀಸು.

ಉಡುಪಿನ ಪಟ್ಟಿ ಮಾಡುವಾಗ ಗೆಳೆಯರು 1978ರ ಫ್ಯಾಷನ್, 2001ರ ಫ್ಯಾಷನ್, 2024ರ ಫ್ಯಾಷನ್ ಎಂದು ಮೂರು ಕಂಬ ಬರೆದಿದ್ದರು. ಮೊದಲನೆಯದು ಸರಿ: ಉದ್ದ ಮೊನೆಯ ಕಾಲರು, ಬೆಲ್‌ಬಾಟಮ್ಮು. ಅಂಗಡಿ ತೆರೆದ ಹುಮ್ಮಸ್ಸಿನಲ್ಲಿ ಹುಡುಗ ತನಗೇ ಹೊಲಿದುಕೊಂಡದ್ದು. ಮೂರನೆಯದನ್ನು ನಾನು ಹೊಡೆದುಹಾಕಿದೆ. ನಮ್ಮ ಊರಿನ ಅರವತ್ತು ದಾಟಿದ ಗಂಡಸರನ್ನು ನೋಡಿ. ಹೊಸ ಬಟ್ಟೆ ಕೊಂಡರೂ ಅದರ ಮಾದರಿ ಅವರ ನಲವತ್ತರದ್ದೇ. ಹಾಗಾಗಿ 68ರ ಟೈಲರನಿಗೆ 2001ರ ಅಂಗಿಯನ್ನೇ ತೊಡಿಸಿದೆವು. ಒಂದೇ ನೀಲಿ ಚೌಕಳಿ ಬಟ್ಟೆಯಲ್ಲಿ, ಒಂದೇ ಮಾದರಿಯಲ್ಲಿ ಎರಡು ಅಂಗಿ. ನಟನ ಕತ್ತಿನ ಸುತ್ತಳತೆ 15 ಇಂಚು. ಮೊದಲಿನದಕ್ಕೆ ಕತ್ತಿಗೆ ಅಂಟಿ ಕೂರುವ 15ರ ಕಾಲರು, ಎರಡನೆಯದಕ್ಕೆ ಹದಿನಾರೂವರೆ. ಈ ಎರಡನೆಯದನ್ನು ನೀರು ಬೆರೆಸಿದ ಬ್ಲೀಚಿನಲ್ಲಿ ಸ್ವಲ್ಪ ಹೊತ್ತು ನೆನೆಸಿ, ವಾರ ಕಾಲ ಬಿಸಿಲಿಗೆ ಹಾಕಿ, ಕೊನೆಗೆ ಚಹಾದ ಡಿಕಾಕ್ಷನ್ನಿನಲ್ಲಿ ಅದ್ದಿದೆ. ಕಾಲರಿನ ಮಡಿಕೆಯನ್ನೂ ತೋಳಿನ ಅಂಚನ್ನೂ ಮರಳುಕಾಗದದಿಂದ ಉಜ್ಜಿ ದಾರ ಕಾಣಿಸಿದೆ. ಹೊಟ್ಟೆಯ ಹತ್ತಿ ತೆಗೆದು ಅದನ್ನು ತೊಡಿಸಿದಾಗ ಹುಡುಗ ಅಂಗಿಯೊಳಗೆ ಕುಗ್ಗಿಹೋಗಿದ್ದ.

ಎಷ್ಟು ಬಣ್ಣ ಹಚ್ಚಿದರೂ 23ರ ಕತ್ತು ಸುಳ್ಳು ಹೇಳುವುದಿಲ್ಲ. ಅದಕ್ಕೊಂದು ಮಫ್ಲರು ಸುತ್ತಿ, ಅದರ ಮೇಲೆ ಮೂರೂ ದೃಶ್ಯಗಳಲ್ಲಿ ಇದ್ದ ಅಳತೆ ಟೇಪನ್ನೇ ಇಳಿಬಿಟ್ಟೆವು. ಕಾಲಿಗೆ ಒಂದು ಅಳತೆ ದೊಡ್ಡದಾದ ಹವಾಯಿ ಚಪ್ಪಲಿ. ಅದು ಜಾರದಂತೆ ನಡೆಯಲು ಹೋದರೆ ಪಾದ ತಾನಾಗಿ ನೆಲಕ್ಕೆ ಸವರುತ್ತದೆ. ಕೋಲು ಬೇಕಾಗಲಿಲ್ಲ. ಕೈಗಳು ಮಷೀನಿನ ದೀಪದ ಕೆಳಗೇ ಇರುವುದರಿಂದ ಎರಡೂವರೆ ನಿಮಿಷದಲ್ಲಿ ಅರ್ಧ ಅವಕ್ಕೇ ಮೀಸಲು: ಬೆರಳ ಗಂಟುಗಳ ಮೇಲೆ ತಿಳಿ ಬಣ್ಣ, ನಡುವೆ ಕಂದು.

ಬಣ್ಣ ಸರಿ ಇದೆಯೇ ಎಂದು ಕನ್ನಡಿಯಲ್ಲಿ ತಿಳಿಯದು. ಆ ದೃಶ್ಯದ ದೀಪ ಹಾಕಿಸಿ, ಮೊದಲ ಸಾಲಿನಲ್ಲೂ ಕೊನೆಯ ಸಾಲಿನಲ್ಲೂ ಕೂತು ನೋಡಬೇಕು. ಅಂಬರ್ ಬೆಳಕಿನಲ್ಲಿ ಕಂದು ನೆರಳು ಮಾಯವಾಗುತ್ತದೆ. ನೀಲಿ ಬೆಳಕಿನಲ್ಲಿ ಕೆಂಪು ಬೆರೆತ ಕಂದು ಕಪ್ಪಾಗಿಬಿಡುತ್ತದೆ. ನಮ್ಮ ಕೊನೆಯ ದೃಶ್ಯ ಬೆಳಗಿನ ನೀಲಿಯಲ್ಲಿತ್ತು, ಆದ್ದರಿಂದ ಕೆನ್ನೆಯ ನೆರಳನ್ನು ಅರ್ಧಕ್ಕೆ ಇಳಿಸಿದೆ. ಫೋನಿನ ಫೋಟೋ ನಂಬುವ ಹಾಗಿಲ್ಲ; ಎಷ್ಟೋ ಫೋನುಗಳು ಕೇಳದೆಯೇ ಮುಖವನ್ನು ನುಣುಪು ಮಾಡಿ ನಮ್ಮ ಕೆಲಸವನ್ನೆಲ್ಲ ಅಳಿಸುತ್ತವೆ.

ನಾಟಕದಲ್ಲಿ ಅವನು ಮೂರು ಸಲ ಸೂಜಿಗೆ ದಾರ ಪೋಣಿಸುತ್ತಾನೆ. 22ಕ್ಕೆ ಹಾಡು ಗುನುಗುತ್ತಾ ನೋಡದೆಯೇ. 45ಕ್ಕೆ ಕೈ ಚಾಚಿ, ಕನ್ನಡಕ ಹುಡುಕಿ. 68ಕ್ಕೆ ಎರಡು ಸಲ ತಪ್ಪಿ, ದಾರದ ತುದಿಯನ್ನು ಬಾಯಲ್ಲಿಟ್ಟು ಒದ್ದೆ ಮಾಡಿ, ಮತ್ತೆ ತಪ್ಪಿ, ಸೂಜಿಯನ್ನು ಮೊಮ್ಮಗಳ ಕೈಗೆ ಕೊಡುತ್ತಾನೆ. ಪ್ರದರ್ಶನದ ದಿನ ಅವನು ಮಫ್ಲರು ಸುತ್ತಿಕೊಂಡು ಬಂದಾಗ ಸಭೆ ಸುಮ್ಮನಿತ್ತು. ಮೂರನೇ ಸಲ ದಾರ ತಪ್ಪಿದಾಗ ಮುಂದಿನ ಸಾಲಿನ ಹೆಂಗಸೊಬ್ಬರು ಅರಿವಿಲ್ಲದೆ ಕೈ ಮುಂದೆ ಚಾಚಿದರು.